ಎಂಟನೇ ತಿಂಗಳ ಎದೆಯುರಿ: ಖಾರ ಬಿಟ್ಟರೂ ಯಾಕೆ ನಿಲ್ಲುವುದಿಲ್ಲ?

"ನನಗೆ ಎಂಟನೇ ತಿಂಗಳು, ಚೊಚ್ಚಲು. ಖಾರ, ಕರಿದಿದ್ದು ಎಲ್ಲಾ ಬಿಟ್ಟಿದ್ದೀನಿ. ಆದ್ರೂ ರಾತ್ರಿ ಮಲಗಿದ ತಕ್ಷಣ ಎದೆ ಉರಿ, ಬಾಯಿಗೆ ಹುಳಿ ನೀರು. ಯಾಕೆ ಹೀಗೆ? ಫ್ರೂಟ್ ಸಾಲ್ಟ್ ಕುಡಿದ್ರೆ ಪರವಾಗಿಲ್ವಾ?"

ನಾನು ಹೆರಿಗೆ ವಿಭಾಗದಲ್ಲಿ ನರ್ಸ್. ಕೊನೆಯ ತಿಂಗಳುಗಳಲ್ಲಿ ಚೆಕಪ್‌ಗೆ ಬರುವ ಎಷ್ಟೋ ಜನ ಇದನ್ನೇ ಕೇಳುತ್ತಾರೆ. ಮೊದಲು ಫ್ರೂಟ್ ಸಾಲ್ಟ್ ವಿಷಯ: ಬೇಡ. ಕಾರಣ ಮುಂದೆ ಹೇಳುತ್ತೇನೆ. ಇನ್ನು ಖಾರ ಬಿಟ್ಟರೂ ನಿಲ್ಲದಿರುವುದಕ್ಕೆ ಕಾರಣ, ಇಲ್ಲಿ ತೊಂದರೆ ಆಸಿಡ್ ಜಾಸ್ತಿಯಾಗಿದ್ದಲ್ಲ. ಹೊಟ್ಟೆಯಲ್ಲಿ ಯಾವಾಗಲೂ ಇರುವ ಆಸಿಡ್ಡೇ ಈಗ ಮೇಲಕ್ಕೆ ಬರುತ್ತಿದೆ.

ಅನ್ನನಾಳ ಬಂದು ಜಠರಕ್ಕೆ ಸೇರುವ ಕಡೆ ಉಂಗುರದಂಥ ಒಂದು ಸ್ನಾಯು ಇದೆ. ಎಲೆ-ಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಅದು ಹೆಚ್ಚು ಹೊತ್ತು ಬಿಗಿಯಾಗೇ ಇರುತ್ತದೆ. ನುಂಗಿದಾಗ, ತೇಗು ಬಂದಾಗ ಸಡಿಲವಾಗಿ ಮತ್ತೆ ಬಿಗಿದುಕೊಳ್ಳುತ್ತದೆ. ಬಸುರಿಯಲ್ಲಿ ಈ ಬಿಗಿ ಕಡಿಮೆಯಾಗುತ್ತದೆ. ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನಿನ ಒಂದು ಮುಖ್ಯ ಕೆಲಸ ಗರ್ಭಕೋಶದ ಸ್ನಾಯುವನ್ನು ಸಡಿಲವಾಗಿಡುವುದು, ದಿನ ತುಂಬುವ ಮೊದಲೇ ಅದು ಬಿಗಿಯದಂತೆ ನೋಡಿಕೊಳ್ಳುವುದು. ಆದರೆ ಅನ್ನನಾಳದ ಕೆಳಗಿನ ಈ ಉಂಗುರವೂ ಅದೇ ಜಾತಿಯ ಸ್ನಾಯು. ಕರುಳಿನದೂ ಅದೇ. ಹಾರ್ಮೋನ್ ರಕ್ತದಲ್ಲಿ ಓಡಾಡುವಾಗ ಎಲ್ಲವನ್ನೂ ಸಡಿಲ ಮಾಡುತ್ತದೆ. ಮಲಬದ್ಧತೆ ಕೂಡ ಇದೇ ಕಾಲಕ್ಕೆ ಬರುವುದು ಅದಕ್ಕೇ. ತಿಂಗಳು ತುಂಬುತ್ತಾ ಹೋದಂತೆ ಹಾರ್ಮೋನ್ ಏರುತ್ತದೆ, ಉಂಗುರದ ಬಿಗಿ ಇಳಿಯುತ್ತದೆ. ಸುಮಾರು 36ನೇ ವಾರಕ್ಕೆ ಅದು ತೀರಾ ಕಡಿಮೆ ಇರುತ್ತದೆ.

ಎರಡನೆಯದು ಕೆಳಗಿನಿಂದ ಬರುವ ಒತ್ತಡ. ಚೆಕಪ್‌ಗೆ ಹೋದಾಗ ನಿಮ್ಮನ್ನು ಮಲಗಿಸಿ, ಹೊಟ್ಟೆಯ ಮೇಲೆ ಟೇಪ್ ಹಿಡಿದು ಅಳೆಯುತ್ತಾರಲ್ಲ, ಅದು ಗರ್ಭಕೋಶ ಎಲ್ಲಿಯವರೆಗೆ ಬಂದಿದೆ ಅಂತ ನೋಡುವುದಕ್ಕೆ. 20ನೇ ವಾರದಲ್ಲಿ ಅದು ಹೊಕ್ಕುಳ ಹತ್ತಿರ ಇರುತ್ತದೆ. 36ಕ್ಕೆ ಎದೆಮೂಳೆಯ ಕೆಳತುದಿ ಮುಟ್ಟುತ್ತದೆ. ಜಠರ ಇರುವುದೂ ಅಲ್ಲೇ. ಅದಕ್ಕೆ ಜಾಗ ಸಾಲದೆ ಮೇಲಕ್ಕೆ ತಳ್ಳಿಸಿಕೊಂಡು ಒತ್ತಿಕೊಂಡಿರುತ್ತದೆ.

ಇಲ್ಲಿ ಇನ್ನೊಂದು ವಿಷಯ ಇದೆ. ಎದೆಗೂಡು ಮತ್ತು ಹೊಟ್ಟೆಯ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ ಇದೆ. ನಾನು ಹೇಳಿದ ಉಂಗುರದ ಒಂದಿಷ್ಟು ಭಾಗ ಸಾಮಾನ್ಯವಾಗಿ ವಪೆಯ ಕೆಳಗೆ, ಹೊಟ್ಟೆಯೊಳಗೇ ಇರುತ್ತದೆ. ಕೆಮ್ಮಿದಾಗ, ಬಗ್ಗಿದಾಗ ಹೊಟ್ಟೆಯೊಳಗಿನ ಒತ್ತಡ ಆ ಭಾಗವನ್ನೂ ಅದುಮಿ ಮುಚ್ಚಿಡುತ್ತದೆ. ಗರ್ಭಕೋಶ ಎಲ್ಲವನ್ನೂ ಮೇಲಕ್ಕೆ ತಳ್ಳಿದಾಗ ಆ ಭಾಗ ಎದೆಗೂಡಿನ ಕಡೆಗೆ ಸರಿಯುತ್ತದೆ. ಆ ಆಸರೆ ತಪ್ಪಿಹೋಗುತ್ತದೆ. ಉಂಗುರ ಸಡಿಲ, ಕೆಳಗಿಂದ ಒತ್ತಡ, ಮುಚ್ಚಿಡುವ ಆಸರೆಯೂ ಇಲ್ಲ. ಅದರ ಮೇಲೆ ಚಪ್ಪಟೆಯಾಗಿ ಮಲಗಿಬಿಟ್ಟರೆ ಆಸಿಡ್ ಕೆಳಗೇ ನಿಲ್ಲುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಹಾಗಾಗಿ ಏನು ತಿನ್ನುತ್ತೀರಿ ಅನ್ನುವುದಕ್ಕಿಂತ ಎಷ್ಟು, ಯಾವಾಗ ತಿನ್ನುತ್ತೀರಿ, ಹೇಗೆ ಮಲಗುತ್ತೀರಿ ಅನ್ನುವುದೇ ಮುಖ್ಯ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬರ ವಿಷಯ ಹೇಳುತ್ತೇನೆ. ಅವರದೂ ಚೊಚ್ಚಲು, 34 ವಾರ. ಪಾಪ, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವುದನ್ನೂ ಬಿಟ್ಟಿದ್ದರು. ದಿನಚರಿ ಕೇಳಿದೆ. ರಾತ್ರಿ ಒಂಬತ್ತೂವರೆಗೆ ಹೊಟ್ಟೆ ತುಂಬಾ ಅನ್ನ-ಸಾರು, ಮೇಲೆ ಮಜ್ಜಿಗೆ. ಹತ್ತು ಗಂಟೆಗೆ ಅತ್ತೆ ಕೊಡುವ ದೊಡ್ಡ ಲೋಟ ಹಾಲು, ಅದರ ಜೊತೆ ಐರನ್ ಮಾತ್ರೆ. ಆಮೇಲೆ ಎರಡು ದಿಂಬು ಇಟ್ಟುಕೊಂಡು ಅಂಗಾತ ನಿದ್ದೆ.

ಮೊದಲು ಊಟ ಏಳೂವರೆಗೆ ತಂದೆವು. ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಅಂತರ ಇದ್ದರೆ ಒಳ್ಳೆಯದು. ಅಳತೆ ಅರ್ಧ ಮಾಡಿ, ಉಳಿದದ್ದನ್ನು ಸಂಜೆ ಐದಕ್ಕೆ ಉಪ್ಪಿಟ್ಟೋ ಇಡ್ಲಿಯೋ ಅಂತ ಹಂಚಿದೆವು. ಮಲಗುವ ಹೊತ್ತಿನ ಹಾಲನ್ನು ಬೆಳಿಗ್ಗೆಗೆ ಹಾಕಿದೆವು. ಹಾಲು ಕುಡಿದ ತಕ್ಷಣ ತಂಪು ಅನಿಸುವುದು ನಿಜ, ಆದರೆ ಸ್ವಲ್ಪ ಹೊತ್ತಿಗೆ ಅದೇ ಮತ್ತೆ ಆಸಿಡ್ ಹುಟ್ಟಿಸುತ್ತದೆ, ಜಠರವನ್ನೂ ತುಂಬಿಸುತ್ತದೆ. ಹಾಲಿನ ಜೊತೆ ಐರನ್ ಸರಿಯಾಗಿ ಹೀರಿಕೊಳ್ಳುವುದೂ ಇಲ್ಲ.

ದಿಂಬಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಕತ್ತಿನ ಕೆಳಗೆ ಎರಡು ದಿಂಬು ಇಟ್ಟರೆ ತಲೆ ಮಾತ್ರ ಏಳುತ್ತದೆ. ಮೈ ನಡುವೆ ಮಡಚಿಕೊಂಡು ಹೊಟ್ಟೆಯ ಮೇಲೆ ಒತ್ತಡ ಇನ್ನೂ ಜಾಸ್ತಿಯಾಗುತ್ತದೆ. ಸೊಂಟದಿಂದ ಮೇಲಕ್ಕೆ ಇಡೀ ಮೈ ಇಳಿಜಾರಾಗಬೇಕು. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಅಲುಗಾಡದಂತೆ ಮರದ ತುಂಡು ಕೊಟ್ಟು 15-20 ಸೆಂಟಿಮೀಟರ್ ಎತ್ತರಿಸಬಹುದು. ನೆಲದ ಮೇಲೆ ಮಲಗುವವರು ಹಾಸಿಗೆಯ ಕೆಳಗೆ ಕಂಬಳಿ ಮಡಚಿ ಇಳಿಜಾರು ಮಾಡಿಕೊಳ್ಳಬಹುದು.

ಮಲಗುವುದು ಎಡಮಗ್ಗುಲಿಗೆ. ಜಠರದ ದೊಡ್ಡ ಉಬ್ಬು ಎಡಕ್ಕಿದೆ, ಅನ್ನನಾಳ ಸೇರುವುದು ಅದರ ಬಲಕ್ಕೆ. ಎಡಕ್ಕೆ ಮಲಗಿದರೆ ಆಸಿಡ್ ಆ ಉಬ್ಬಿನಲ್ಲಿ ಕೆಳಗೆ ನಿಲ್ಲುತ್ತದೆ, ಅನ್ನನಾಳದ ಬಾಯಿ ಮೇಲೆ ಉಳಿಯುತ್ತದೆ. ಬಲಕ್ಕೆ ಹೊರಳಿದರೆ ಇದು ತಿರುಗುಮುರುಗು. ಈ ತಿಂಗಳಲ್ಲಿ ಅಂಗಾತ ಮಲಗುವುದು ಹೇಗೂ ಒಳ್ಳೆಯದಲ್ಲ. ಅವರಿಗೆ ಉರಿ ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ಎದ್ದು ಕೂರುವುದು ತಪ್ಪಿತು.

ಇಷ್ಟಕ್ಕೂ ಬಗ್ಗದಿದ್ದರೆ ಔಷಧಿ ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಚೀಪುವ ಮಾತ್ರೆ, ಅಲ್ಯೂಮಿನಿಯಂ-ಮೆಗ್ನೀಸಿಯಂ ಇರುವ ಸಿರಪ್, ಅಥವಾ ಆಸಿಡ್ ಮೇಲೆ ಕೆನೆಯಂತೆ ತೇಲಿ ನಿಲ್ಲುವ ಆಲ್ಜಿನೇಟ್, ಇವುಗಳಲ್ಲಿ ಯಾವುದು, ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಊಟ ಆದಮೇಲೆ, ಮಲಗುವಾಗ ತೆಗೆದುಕೊಳ್ಳುವುದು ವಾಡಿಕೆ. ಐರನ್ ಮಾತ್ರೆಗೂ ಇವಕ್ಕೂ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಐರನ್ ಮೈಗೆ ಹತ್ತುವುದಿಲ್ಲ. ಇದಕ್ಕೂ ಕಡಿಮೆಯಾಗದಿದ್ದರೆ ಫ್ಯಾಮೊಟಿಡಿನ್ ಅಥವಾ ಒಮೆಪ್ರಜೋಲ್ ಥರದ್ದನ್ನು ಡಾಕ್ಟರೇ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರಬೇಡಿ.

ಫ್ರೂಟ್ ಸಾಲ್ಟ್ ಪುಡಿ, ಅಡುಗೆ ಸೋಡಾ ಎರಡರಲ್ಲೂ ಇರುವುದು ಸೋಡಿಯಂ ಬೈಕಾರ್ಬೊನೇಟ್. ಮೈಯಲ್ಲಿ ಸೋಡಿಯಂ ಜಾಸ್ತಿಯಾಗಿ ನೀರು ನಿಲ್ಲುತ್ತದೆ. ಪದೇ ಪದೇ ಕುಡಿದರೆ ರಕ್ತದ ಆಸಿಡ್ ಸಮತೋಲವೂ ಕೆಡಬಹುದು. ಬುರುಬುರು ನೊರೆಯ ಗ್ಯಾಸ್ ಜಠರವನ್ನು ಇನ್ನಷ್ಟು ಉಬ್ಬಿಸುತ್ತದೆ.

ಚೊಚ್ಚಲಿನಲ್ಲಿ ಕೊನೆಯ ಕೆಲವು ವಾರಗಳಲ್ಲಿ ಮಗುವಿನ ತಲೆ ಕೆಳಗಿಳಿದಾಗ ಸ್ವಲ್ಪ ಹಗುರಾಗುತ್ತದೆ. ಹೆರಿಗೆ ಆದಮೇಲೆ ಹಾರ್ಮೋನ್ ಇಳಿದು, ಸಾಮಾನ್ಯವಾಗಿ ಉರಿ ತಾನಾಗೇ ನಿಲ್ಲುತ್ತದೆ.

ಆದರೆ ಒಂದು ನೋವನ್ನು ಮಾತ್ರ ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕಬೇಡಿ, ದಯವಿಟ್ಟು. ಎದೆಯುರಿ ಮೂಳೆಯ ಹಿಂದೆ ಮೇಲಕ್ಕೆ ಏರುತ್ತದೆ, ಮಲಗಿದರೆ ಹೆಚ್ಚು, ಕೂತರೆ ಕಡಿಮೆ. ಹಾಗಲ್ಲದೆ ಬಲಗಡೆ ಪಕ್ಕೆಲುಬಿನ ಕೆಳಗೆ ಅಥವಾ ಮೇಲ್ಹೊಟ್ಟೆಯ ನಡುವೆ ಬಿಡದ ನೋವು, ಜೊತೆಗೆ ತಲೆನೋವು, ಕಣ್ಣು ಮಂಜು, ಮುಖ-ಕೈ ಊತ, ವಾಂತಿ ಇದ್ದರೆ ಅದು ಬಸುರಿಯ ಬಿಪಿ ಕಾಯಿಲೆ ಆಗಿರಬಹುದು, ಲಿವರಿಗೆ ತಾಗಿರಬಹುದು. ತಾಯಿ ಕಾರ್ಡ್ ತೆಗೆದು ಹಿಂದಿನ ಬಿಪಿ ನೋಡಿಕೊಂಡು ಸಮಾಧಾನ ಪಡಬೇಡಿ, ಹೋದ ಚೆಕಪ್‌ನಲ್ಲಿ ಸರಿ ಇದ್ದದ್ದು ಈಗ ಏರಿರಬಹುದು. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಅಥವಾ ಬಿಪಿ ನೋಡಲು ಆಗದೆ ಈ ನೋವು ಮಾತ್ರ ಇದ್ದರೂ, ರಾತ್ರಿಯಾಗಲಿ ಹಗಲಾಗಲಿ ಆಗಲೇ ಹೆರಿಗೆ ಆಸ್ಪತ್ರೆಗೆ ಹೋಗಿ. ರಕ್ತ ವಾಂತಿ, ಟಾರಿನಂತೆ ಅಂಟುವ ಕಪ್ಪು ಮಲ, ನುಂಗಿದ್ದು ಸಿಕ್ಕಿಕೊಳ್ಳುವುದು, ಎದೆ ಹಿಂಡಿ ಭುಜಕ್ಕೆ ಹರಡುವ ನೋವು ಇದ್ದರೂ ಹಾಗೇ. ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಟಾರಿನಂತೆ ಅಂಟುವುದಿಲ್ಲ, ಕೆಟ್ಟ ವಾಸನೆಯೂ ಇರುವುದಿಲ್ಲ.