ಬಾಳೆನಾರಿನಲ್ಲಿ ಕಟ್ಟಿ ಕೊಟ್ಟ ಹಣ

ಪ್ರಶ್ನೆ: ಕಳೆದ ತಿಂಗಳು ನನ್ನ ಮದುವೆಯಾಯಿತು. ಹೂ ಕಟ್ಟಿ ಮಾರುವ ನನ್ನ ಸೋದರತ್ತೆ ಧಾರೆಗೆ ಮುಂಚೆ ನನ್ನ ಕೋಣೆಗೆ ಬಂದು, ಬಾಳೆನಾರಿನಲ್ಲಿ ಕಟ್ಟಿದ ನೂರರ ನೋಟುಗಳನ್ನು ಕೈಗಿಟ್ಟು, ‘ಇದನ್ನು ಪುಸ್ತಕಕ್ಕೆ ಬರೆಸಬೇಡ’ ಎಂದರು. ನಾಣ್ಯವೂ ಸೇರಿ 10,001 ರೂಪಾಯಿ. ಗಡಿಬಿಡಿಯಲ್ಲಿ ಅದೂ ಮುಯ್ಯಿಯ ಚೀಲ ಸೇರಿತು. ಆ ರಾತ್ರಿ ನನ್ನ ಭಾವ, ಅಂದರೆ ಗಂಡನ ಅಣ್ಣ, ಎಲ್ಲವನ್ನೂ ಎಣಿಸಿ ಆರತಕ್ಷತೆಯ ಅಡುಗೆಯವರ ಬಾಕಿ ತೀರಿಸಿದರು. ಕೃತಜ್ಞತೆ ತಿಳಿಸುವಾಗ ಹಣ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಹೇಳಬೇಕಂತೆ. ನಾನು ಹೊಲಿಗೆ ಕಲಿತವಳು, ಯಂತ್ರ ಕೊಳ್ಳುವ ಆಸೆಯಿತ್ತು. ಈಗ ಹಣವೇ ಇಲ್ಲ. ‘ಫ್ರಿಜ್ ಕೊಂಡೆವು ಎಂದು ಬರೆದುಬಿಡು’ ಎನ್ನುತ್ತಾಳೆ ಗೆಳತಿ. ‘ಮುಯ್ಯಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ, ನಾಳೆ ಅವರ ಮನೆಯ ಮದುವೆಗೆ ತೀರಿಸಿದರಾಯಿತು’ ಎನ್ನುತ್ತಾರೆ ನನ್ನವರು. ಏನೆಂದು ಬರೆಯಲಿ?
— ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಅತ್ತೆ ಹೇಳಿದ ಒಂದು ಮಾತನ್ನು ನೀವು ನೋಟಿನ ಎಣಿಕೆಯ ಜೊತೆಗೆ ಸೇರಿಸಿ ದಾಟಿಬಿಟ್ಟಿದ್ದೀರಿ. ನಾನು ಅಲ್ಲಿಯೇ ನಿಂತೆ. ‘ಪುಸ್ತಕಕ್ಕೆ ಬರೆಸಬೇಡ’ ಎಂದರೆ ಇದು ಮುಯ್ಯಿ ಅಲ್ಲ ಎಂದೇ ಅರ್ಥ. ಮಂಟಪದ ಪಕ್ಕದ ಮೇಜಿನ ಮೇಲೆ ಹೆಸರು, ಊರು, ಮೊತ್ತ ಎಂದು ಮೂರು ಸಾಲು ಎಳೆದಿರುವ ಆ ಪುಸ್ತಕ ಒಂದು ಸಾಲದ ಲೆಕ್ಕ. ಕೊಟ್ಟವರ ಮನೆಯಲ್ಲಿ ಕಾರ್ಯ ನಡೆದಾಗ ಬಂದದ್ದಕ್ಕಿಂತ ಕಡಿಮೆಯಾಗದಂತೆ ಹಿಂತಿರುಗಿಸಬೇಕೆಂಬುದು ಅದರ ಕಟ್ಟಳೆ. ಆ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸುಳ್ಳಲ್ಲ. 501 ಬರೆಸಿ ಊಟ ಮಾಡಿ ಹೋದ ಪರಿಚಯದವರಿಗೆ ಬಂದದ್ದಕ್ಕೆ ಸಂತೋಷವಾಯಿತೆಂಬ ಒಂದು ಸಾಲು ಸಾಕು, ಉಳಿದದ್ದನ್ನು ಮುಂದೆ ಕೊಡುವ ಮುಯ್ಯಿಯೇ ಹೇಳುತ್ತದೆ. ಆದರೆ ನಿಮ್ಮ ಅತ್ತೆ ತಾವಾಗಿಯೇ ಆ ಲೆಕ್ಕದಿಂದ ಹೊರಗೆ ನಿಂತರು. ಅವರು ನಿಮ್ಮಿಂದ ಮರುಮುಯ್ಯಿಯನ್ನು ಕೇಳಲಿಲ್ಲವಾದ್ದರಿಂದ, ಆ ಹಣ ನಿಮ್ಮ ಬದುಕಿನಲ್ಲಿ ಏನಾಯಿತು ಎಂಬ ಸುದ್ದಿಯೊಂದೇ ಅವರಿಗೆ ಸಲ್ಲಬೇಕಾದ ಬಾಕಿ.

ಬಾಳೆನಾರಿನ ಕಟ್ಟನ್ನೂ ನೀವು ಸುಮ್ಮನೆ ಹೇಳಿದಂತಿದೆ. ಬ್ಯಾಂಕಿನಿಂದ ತಂದ ಕಟ್ಟಿಗೆ ಕಾಗದದ ಪಟ್ಟಿ ಇರುತ್ತದೆ. ನೂರು ನೋಟುಗಳನ್ನು ಹೂ ಕಟ್ಟುವ ನಾರಿನಲ್ಲಿಯೇ ಬಿಗಿದಿದ್ದಾರೆಂದರೆ ಅವು ಮಾರು ಲೆಕ್ಕದಲ್ಲಿ ಹೂ ಅಳೆದು ಕೊಟ್ಟಾಗ ಒಂದೊಂದಾಗಿ ಬಂದವು, ಬಂಡವಾಳ ಕಳೆದು ಉಳಿದವು.

ಇನ್ನು ನಿಮ್ಮ ಭಾವನವರ ವಿಷಯ. ನೀವು ಅವರನ್ನು ಒಂದು ಮಾತೂ ಅಂದಿಲ್ಲ, ನಾನು ಅನ್ನುತ್ತೇನೆ. ಅಡುಗೆಯವರ ಬಾಕಿಯನ್ನು ಉಳಿಸಿಕೊಳ್ಳಬಾರದು, ನಿಜ. ಆದರೆ ಮದುಮಕ್ಕಳ ಹೆಸರಿಗೆ ಬಂದ ಲಕೋಟೆಗಳನ್ನು ಅವರಿಬ್ಬರೂ ಇಲ್ಲದಾಗ ಒಡೆದು, ಯಾವುದು ಯಾರ ಕಡೆಯದು ಎಂದು ಕೇಳದೆ ಖರ್ಚಿಗೆ ಸೇರಿಸುವ ಅಧಿಕಾರವನ್ನು ಮನೆಯ ಹಿರಿಮಗನಿಗೆ ಯಾರೂ ಕೊಟ್ಟಿಲ್ಲ. ಮುಯ್ಯಿ ಪುಸ್ತಕವು ಮದುವೆಯಾದವರ ಕೈಯಲ್ಲಿಯೇ ಇರಬೇಕೆಂದು ಈ ಅಂಕಣದಲ್ಲಿ ಹೇಳಿ ಹೇಳಿ ನನಗೂ ಸಾಕಾಗಿದೆ. ನಾಳೆ ಹಿಂತಿರುಗಿಸಬೇಕಾದವರು ನೀವೇ ಆದ್ದರಿಂದ ಇವತ್ತೇ ಅದರ ನಕಲು ಮಾಡಿಟ್ಟುಕೊಳ್ಳಿ, ಅದರಲ್ಲಿ ಅತ್ತೆಯ ಹೆಸರನ್ನೂ ಬರೆದಿದ್ದರೆ ಆ ಸಾಲನ್ನು ಹೊಡೆದುಹಾಕಿ.

ಗೆಳತಿಯ ಸಲಹೆ ಕೈಬಿಡಿ. ಹೂ ಮಾರುವವರಿಗೆ ಫ್ರಿಜ್ ಎಂದೊಡನೆ ನೆನಪಾಗುವುದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮರುದಿನಕ್ಕೂ ಬಾಡದೆ ಉಳಿಯುವುದು. ನಿಮ್ಮ ಮನೆಗೆ ಬಂದ ದಿನ ಅವರು ಮೊದಲು ಅದನ್ನೇ ನೋಡಬೇಕೆನ್ನುತ್ತಾರೆ. ‘ಒಳ್ಳೆಯ ಕೆಲಸಕ್ಕೆ ಬಳಸುತ್ತೇವೆ’ ಎಂಬ ಜಾರುವ ಮಾತೂ ಬೇಡ. ನನ್ನ ಮದುವೆಯಾದಾಗ ಚಿಕ್ಕಪ್ಪನಿಗೆ ನಾನು ಹಾಗೆಯೇ ಬರೆದಿದ್ದೆ, ಅವರು ಸಿಕ್ಕಾಗಲೆಲ್ಲ ‘ಆ ಒಳ್ಳೆಯ ಕೆಲಸ ಯಾವುದಮ್ಮಾ?’ ಎಂದು ಕೇಳುತ್ತಿದ್ದರು, ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ನಡೆದದ್ದನ್ನೇ ಬರೆಯಬಹುದಲ್ಲ ಎಂದು ನೀವು ಕೇಳಬಹುದು. ಬೇರೆಯವರು ಕೊಟ್ಟ ಹಣವಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಎಲೆಯೊಂದಕ್ಕೆ 250 ರೂಪಾಯಿಯಂತೆ ಮಾತಾಗಿದ್ದರೆ ಹತ್ತು ಸಾವಿರಕ್ಕೆ 40 ಎಲೆ, ಅಂದರೆ ಒಂದು ಸಣ್ಣ ಪಂಕ್ತಿಯ ಊಟ. ‘ನೀವು ಕೊಟ್ಟದ್ದರಲ್ಲಿ ಒಂದು ಪಂಕ್ತಿ ಉಂಡು ಎದ್ದಿತು’ ಎಂದು ಸೋದರಮಾವನಿಗೋ ಅಣ್ಣನಿಗೋ ಬರೆದರೆ ಅವರು ಹಿಗ್ಗುತ್ತಾರೆ. ಅತ್ತೆ ಮಾತ್ರ ಪಂಕ್ತಿಗೆಂದು ಕೊಟ್ಟವರಲ್ಲ. ಹಣ ನಿಮ್ಮ ಕೈ ಸೇರಲಿ, ನಿಮ್ಮ ಕೈಯಲ್ಲಿಯೇ ಉಳಿಯಲಿ ಎಂದು ಪುಸ್ತಕವನ್ನು ತಪ್ಪಿಸಿ ಕೊಟ್ಟರು. ಅದು ಗಂಡನ ಮನೆಯ ಬಾಕಿಗೆ ಹೋಯಿತೆಂದು ತಿಳಿದರೆ ಅವರು ನಿಮ್ಮನ್ನು ಬೈಯುವುದಿಲ್ಲ, ಮುಂದಿನ ಸಲ ಬರುವಾಗ ಇನ್ನೂ ಸ್ವಲ್ಪ ಕಟ್ಟಿಕೊಂಡು ಬರುತ್ತಾರೆ. ಅದು ಆಗಬಾರದು.

ಆದ್ದರಿಂದ ನೀವು ಮಾಡಬೇಕಾದದ್ದು ಒಂದೇ: ಹೊಲಿಗೆ ಯಂತ್ರವನ್ನು ಕೊಳ್ಳಿ, ಆಮೇಲೆ ಪತ್ರ ಬರೆಯಿರಿ. ಹಣವನ್ನು ನಿಮ್ಮ ಯಜಮಾನರಿಂದ ಕೇಳಿ ಪಡೆಯಿರಿ, ಭಾವನವರಿಂದಲ್ಲ. ಅಡುಗೆಯ ಬಾಕಿ ಅವರ ಆರತಕ್ಷತೆಯದು, ಅದಕ್ಕೆ ನಿಮ್ಮ ಗಂಟಿನಿಂದ ಹೋದದ್ದನ್ನು ಅವರು ತುಂಬಿಕೊಡಬೇಕಾದದ್ದು ನ್ಯಾಯ. ಬದಲಿಗೆ ಬಂದ ನೋಟುಗಳು ಅತ್ತೆಯ ನೋಟುಗಳಲ್ಲವಲ್ಲ, ಬರೆದರೆ ಸುಳ್ಳಾಗುವುದಿಲ್ಲವೇ ಎಂಬ ಅಳುಕು ಬೇಡ. ಹಣಕ್ಕೆ ಗುರುತಿಲ್ಲ, ಅಷ್ಟೇ ಮೊತ್ತ ನಿಮಗೆ ಮರಳಿ, ನೀವು ಅದನ್ನು ನಿಮ್ಮದಕ್ಕೇ ಬಳಸಿದರೆ ಅದು ಅತ್ತೆಯ ಹಣವೇ. ಕಾಲಿನಿಂದ ತುಳಿಯುವ ಸಾಧಾರಣ ಯಂತ್ರ ಆ ಮೊತ್ತದೊಳಗೆ ಸಿಗುತ್ತದೆ. ಹೆಚ್ಚಿನದು ಬೇಕೆನಿಸಿದರೆ ಉಳಿದದ್ದನ್ನು ನೀವು ಹಾಕಿ, ಆದರೆ ಆ ಲೆಕ್ಕ ಪತ್ರದಲ್ಲಿ ಬರಬಾರದು. ‘ನಿಮ್ಮದಕ್ಕೆ ನಾವು ಇನ್ನೂ ಮೂರು ಸಾವಿರ ಸೇರಿಸಿದೆವು’ ಎಂದರೆ ಕೊಟ್ಟದ್ದು ಸಾಲದಾಯಿತೆಂದು ಹೇಳಿದಂತೆ.

ಅತ್ತೆ ಕೊಟ್ಟ ಮೊತ್ತವನ್ನೂ ಬರೆಯಬೇಡಿ. ಅವರ ಕಾಗದವನ್ನು ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದಿ ಹೇಳುವ ಸಂದರ್ಭವಿರಬಹುದು; ಹೂ ಮಾರುವವರ ಬಳಿ ಹತ್ತು ಸಾವಿರ ಇತ್ತೆಂಬುದು ಬೀದಿಗೆ ತಿಳಿಯಬೇಕಾಗಿಲ್ಲ. ಅದೇ ಕಾರಣಕ್ಕೆ ತೆರೆದ ಪೋಸ್ಟ್ ಕಾರ್ಡ್ ಬೇಡ, ಲಕೋಟೆಯಲ್ಲಿ ಕಳುಹಿಸಿ. ವಾಟ್ಸ್‌ಆ್ಯಪ್‌ನ ಕುಟುಂಬದ ಗುಂಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ನಿಮ್ಮ ಭಾವನೂ ಇದ್ದಾರೆ. ಪತ್ರ ಇಷ್ಟಿದ್ದರೆ ಸಾಕು:

‘ಸೋದರತ್ತೆಗೆ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಧಾರೆಗೆ ಮುಂಚೆ ನೀವು ಕೈಗಿಟ್ಟದ್ದನ್ನು ಪುಸ್ತಕಕ್ಕೆ ಬರೆಸಲಿಲ್ಲ. ಅದರಲ್ಲಿ ಒಂದು ಹೊಲಿಗೆ ಯಂತ್ರ ಕೊಂಡಿದ್ದೇನೆ, ಕಿಟಕಿಯ ಪಕ್ಕ ಬೆಳಕಿಗೆ ಇಟ್ಟಿದ್ದೇನೆ. ಮೊದಲು ಹೊಲಿಯುವುದು ನಿಮ್ಮ ರವಿಕೆಯನ್ನೇ. ಆಷಾಢಕ್ಕೆ ಊರಿಗೆ ಬರುತ್ತೇನೆ, ಅಳತೆಗೆ ಒಂದು ಹಳೆಯ ರವಿಕೆ ತೆಗೆದಿಡಿ.’

‘ಪುಸ್ತಕಕ್ಕೆ ಬರೆಸಲಿಲ್ಲ’ ಎಂಬ ಸಾಲು ನಿಜವಾಗಿರಬೇಕಾದರೆ ಮೇಲೆ ಹೇಳಿದಂತೆ ಆ ಪುಸ್ತಕವನ್ನು ಮೊದಲು ತೆರೆದು ನೋಡಿ. ಅಲ್ಲಿ ಅವರ ಹೆಸರು ಸಿಕ್ಕರೆ ಆ ಒಂದು ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ. ಹೊಸದಾಗಿ ಮದುವೆಯಾದವರು ಆಷಾಢಕ್ಕೆ ತವರಿಗೆ ಹೋಗುವುದು ನಮ್ಮಲ್ಲಿ ಇದ್ದದ್ದೇ, ಆದ್ದರಿಂದ ಜ್ಯೇಷ್ಠ ಮುಗಿಯುವುದರೊಳಗೆ ಈ ಲಕೋಟೆ ಅತ್ತೆಯ ಕೈ ಸೇರಿರಲಿ. ಭಾವನವರ ಬಳಿ ಮಾತ್ರ ಒಂದನ್ನು ಕೇಳಿ: ಅಡುಗೆಯವರಿಗೆ ನೋಟು ಎಣಿಸಿ ಕೊಟ್ಟವರು ಆ ಒಂದು ರೂಪಾಯಿ ನಾಣ್ಯವನ್ನು ಎಲ್ಲಿಟ್ಟರು? ಸಿಕ್ಕರೆ ಯಂತ್ರದ ಡ್ರಾಯರಿನಲ್ಲಿ, ಸೂಜಿಗಳ ಜೊತೆ ಇಟ್ಟುಕೊಳ್ಳಿ.