ಬ್ರೆಡ್ತ್ ಫಿಲ್ಟರ್ 50ರ ಗೆರೆ ಮೇಲೆ ಕುಣಿಸುತ್ತಿದ್ದರೆ

«200 ದಿನದ ಮೂವಿಂಗ್ ಆವರೇಜ್ ಮೇಲಿರೋ ಷೇರುಗಳು 50% ದಾಟಿದ್ರೆ ಪೂರ್ತಿ ಲಾಂಗ್, ಇಲ್ಲಾಂದ್ರೆ ಪೂರ್ತಿ ಕ್ಯಾಶ್. ಬ್ಯಾಕ್‌ಟೆಸ್ಟಲ್ಲಿ ಸಖತ್ತಾಗಿತ್ತು. ನಿಜವಾಗಿ ಹಾಕಿದ ಮೇಲೆ ಎರಡು ತಿಂಗಳಲ್ಲಿ ಒಂಬತ್ತು ಸಲ ಒಳಗೆ ಹೊರಗೆ ಆಯ್ತು. ಎಲ್ಲಿ ತಪ್ತಿದೀನಿ?»

ಇಲ್ಲಿ ಎರಡು ತೊಂದರೆ ಇರಬಹುದು. ಒಂದು ನಿಮ್ಮ ನಿಯಮದಲ್ಲಿ, ಇನ್ನೊಂದು ಡೇಟಾದಲ್ಲಿ. ನಿಯಮದ್ದು ಮೊದಲು ನೋಡೋಣ, ಅದು ಸುಲಭ.

ನಿಮ್ಮ ಪಟ್ಟಿಯಲ್ಲಿ 500 ಷೇರುಗಳಿವೆ ಎಂದುಕೊಳ್ಳಿ. ಇವತ್ತು 251 ಷೇರು ಆವರೇಜ್ ಮೇಲಿವೆ, ನೀವು ಪೂರ್ತಿ ಲಾಂಗ್. ನಾಳೆ ಎರಡು ಷೇರು ಚೂರು ಕೆಳಗಿಳಿದು 249 ಆಯಿತು, ನೀವು ಪೂರ್ತಿ ಕ್ಯಾಶ್. ಮಾರುಕಟ್ಟೆಯಲ್ಲಿ ಏನೂ ಬದಲಾಗಿಲ್ಲ. ಎರಡೇ ಎರಡು ಷೇರು ನಿಮ್ಮ ಇಡೀ ದುಡ್ಡನ್ನು ಕದಲಿಸಿದವು. ಪಕ್ಕಕ್ಕೆ ಪಕ್ಕಕ್ಕೆ ಸರಿಯುವ ಮಾರುಕಟ್ಟೆಯಲ್ಲಿ ಬ್ರೆಡ್ತ್, ಅಂದರೆ ಆವರೇಜ್ ಮೇಲಿರುವ ಷೇರುಗಳ ಶೇಕಡಾ ಪಾಲು, ವಾರಗಟ್ಟಲೆ 45 ಮತ್ತು 55ರ ನಡುವೆಯೇ ಓಲಾಡುತ್ತದೆ. ಗೆರೆಯನ್ನು ಸರಿಯಾಗಿ ಅಲ್ಲೇ ಎಳೆದರೆ ಒಂಬತ್ತು ಸಲ ಆಗುವುದೇ ಸಹಜ.

ನಾನು ಮಾಡುವುದು ಇಷ್ಟು. 30ಕ್ಕಿಂತ ಕೆಳಗೆ ಸೊನ್ನೆ, 60ಕ್ಕಿಂತ ಮೇಲೆ ಪೂರ್ತಿ, ನಡುವೆ ಇಳಿಜಾರು. ಬ್ರೆಡ್ತ್‌ನಿಂದ 30 ಕಳೆದು 30ರಿಂದ ಭಾಗಿಸಿದರೆ ಎಷ್ಟು ಪಾಲು ಲಾಂಗ್ ಇರಬೇಕು ಎಂದು ಸಿಗುತ್ತದೆ. ದಿನದ ಅಂಕಿಯ ಬದಲು 5 ದಿನದ ಸರಾಸರಿ ತೆಗೆದುಕೊಳ್ಳುತ್ತೇನೆ. ವಾರಕ್ಕೆ ಒಂದೇ ಸಲ ನೋಡುತ್ತೇನೆ. ಹೊಸ ಗುರಿಗೂ ಈಗಿರುವ ಪಾಲಿಗೂ 20 ಅಂಶದ ಅಂತರ ಇಲ್ಲದಿದ್ದರೆ ಕೈ ಹಚ್ಚುವುದಿಲ್ಲ. ಒಂದೇ ವಿನಾಯಿತಿ: ಗುರಿ ಸೊನ್ನೆ ಅಥವಾ 100 ಆದರೆ ಅಂತರ ಎಷ್ಟೇ ಇರಲಿ, ಅಲ್ಲಿಗೇ ಹೋಗುವುದು. ಈ ವಿನಾಯಿತಿ ಬಿಟ್ಟರೆ 10ರಲ್ಲೋ 90ರಲ್ಲೋ ಸಿಕ್ಕಿಕೊಂಡು ತಿಂಗಳುಗಟ್ಟಲೆ ಕೂರುತ್ತೀರಿ.

ಅಂಕಿಯಲ್ಲಿ ನೋಡಿದರೆ ಬೇಗ ಅರ್ಥವಾಗುತ್ತದೆ. ಇದು ನಾನೇ ಹಾಕಿಕೊಂಡ ಉದಾಹರಣೆ. ವಾರದ ಬ್ರೆಡ್ತ್ ಹೀಗೆ ಬಂತು ಎನ್ನಿ: 68, 61, 55, 52, 44, 47, 41, 33, 29, 36. ಇಳಿಜಾರಿನ ಲೆಕ್ಕದಲ್ಲಿ ಗುರಿ 100, 100, 83, 73, 47, 57, 37, 10, 0, 20 ಆಗುತ್ತದೆ. ಪ್ರತಿ ವಾರ ಗುರಿಯ ಹಿಂದೆಯೇ ಓಡಿದರೆ 8 ಸಲ ವಹಿವಾಟು. 20ರ ಅಂತರ ಇಟ್ಟರೆ? 83 ಬಂದಾಗ ಸುಮ್ನೆ ಇರುತ್ತೀರಿ, ಅಂತರ 17 ಅಷ್ಟೇ. 73ಕ್ಕೆ ಇಳಿಸುತ್ತೀರಿ, ಆಮೇಲೆ 47ಕ್ಕೆ. 57 ಮತ್ತು 37 ಬಂದಾಗ ಮತ್ತೆ ಸುಮ್ನೆ. ನಂತರ 10, 0, 20. ಒಟ್ಟು 5 ಸಲ. 47ರಿಂದ 57ಕ್ಕೆ ಏರಿಸಿ ಮರುವಾರವೇ ಇಳಿಸುವ ಆಟ ತಪ್ಪಿತು, ಅದೇ ಮುಖ್ಯ ಉಳಿತಾಯ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಒಟ್ಟು ಕದಲಿಸಿದ ಪಾಲು 140ರಿಂದ 120ಕ್ಕೆ ಮಾತ್ರ ಇಳಿಯಿತು. ಸಲಗಳು ಕಡಿಮೆಯಾದಷ್ಟು ಖರ್ಚು ಕಡಿಮೆಯಾಗುವುದಿಲ್ಲ.

30 ಮತ್ತು 60 ಏಕೆ ಅಂತ ಕೇಳುತ್ತೀರಿ. ದೇವರು ಕೊಟ್ಟ ಅಂಕಿಗಳಲ್ಲ. 25 ಮತ್ತು 55, 35 ಮತ್ತು 65 ಹಾಕಿ ನೋಡಿ. ಫಲ ಹೆಚ್ಚುಕಡಿಮೆ ಹಾಗೇ ಇದ್ದರೆ ಸರಿ. ಒಂದು ಜೋಡಿಯಲ್ಲಿ ಮಾತ್ರ ಹೊಳೆದು ಪಕ್ಕದ್ದರಲ್ಲಿ ಮಕಾಡೆ ಮಲಗಿದರೆ ಅದು ಅದೃಷ್ಟ ಅಷ್ಟೇ.

ಈಗ ಡೇಟಾ. «ಬ್ಯಾಕ್‌ಟೆಸ್ಟಲ್ಲಿ ಸಖತ್ತಾಗಿತ್ತು» ಅಂದಾಗಲೇ ನನಗೆ ಅನುಮಾನ ಬಂತು, ಯಾಕೆಂದರೆ ನಾನೂ ಇದೇ ಗುಂಡಿಗೆ ಬಿದ್ದವನು. ಇಂದಿನ ಇಂಡೆಕ್ಸ್ ಪಟ್ಟಿಯನ್ನು ತೆಗೆದುಕೊಂಡು ಹದಿನೈದು ವರ್ಷ ಹಿಂದಕ್ಕೆ ಓಡಿಸಿದ್ದೆ. ಇಂದಿನ ಪಟ್ಟಿಯಲ್ಲಿ ಇರುವುದು ಗೆದ್ದು ಉಳಿದವರು. ಬಿದ್ದು ಪಟ್ಟಿಯಿಂದ ಹೊರಬಿದ್ದವು ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಹಳೆಯ ಬ್ರೆಡ್ತ್ ನಿಜಕ್ಕಿಂತ ಆರೋಗ್ಯವಾಗಿ ಕಾಣುತ್ತದೆ, ಕೊಂಡ ಷೇರುಗಳೂ ಮೊದಲೇ ಆರಿಸಿದ ಗೆಲ್ಲುವ ಕುದುರೆಗಳಾಗುತ್ತವೆ. ಆಯಾ ದಿನ ಯಾವ ಷೇರು ಪಟ್ಟಿಯಲ್ಲಿತ್ತು ಎಂಬ ದಾಖಲೆ ಬೇಕೇ ಬೇಕು.

ಎರಡನೆಯ ಹುಳುಕು ಇನ್ನೂ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಹೊಸದಾಗಿ ಲಿಸ್ಟ್ ಆದ ಷೇರಿಗೆ 200 ದಿನದ ಬೆಲೆ ಇರುವುದಿಲ್ಲ, ಆವರೇಜ್ ಖಾಲಿ. ಪೈಥಾನ್‌ನ pandasನಲ್ಲಿ ಈ ಖಾಲಿ ಅಂದರೆ `NaN`, ಅದರ ಜೊತೆ ಹೀಗೆ ಹೋಲಿಸಿದರೆ ಉತ್ತರ `False`. ಅಂದರೆ ಆ ಷೇರು «ಕೆಳಗಿದೆ» ಎಂದು ಎಣಿಕೆಯಾಗುತ್ತದೆ. ಅದನ್ನು ಛೇದದಿಂದಲೇ ತೆಗೆಯಬೇಕು.

```python
ma = close.rolling(200).mean()
valid = ma.notna() & close.notna() & member
above = (close > ma) & valid
b = 100 * above.sum(axis=1) / valid.sum(axis=1)
w = ((b.rolling(5).mean() - 30) / 30).clip(0, 1)
ret_filtered = w.shift(1) * ret
```

`member` ಎಂದರೆ ಆಯಾ ದಿನ ಪಟ್ಟಿಯಲ್ಲಿ ಇತ್ತೇ ಇಲ್ಲವೇ ಎಂಬ ಟೇಬಲ್. `close` ಮುಕ್ತಾಯದ ಬೆಲೆಗಳ ಟೇಬಲ್, `ret` ನೀವು ಕೊಳ್ಳುವುದರ ಒಟ್ಟು ದಿನದ ರಿಟರ್ನ್. ವಾರದ ಲೆಕ್ಕ ಮತ್ತು 20ರ ಅಂತರ ಇದರಲ್ಲಿ ಸೇರಿಸಿಲ್ಲ, ಮೊದಲು ಬ್ರೆಡ್ತ್ ಸರಿಯಾಗಲಿ. ಕೊನೆಯ ಸಾಲಿನ `shift(1)` ಮರೆತರೆ ಇವತ್ತಿನ ಮುಕ್ತಾಯದ ಬೆಲೆ ನೋಡಿ ಇವತ್ತಿನ ಬೆಳಗ್ಗೆಯೇ ಕೊಂಡ ಹಾಗಾಗುತ್ತದೆ. ಬ್ಯಾಕ್‌ಟೆಸ್ಟ್ ಸಖತ್ತಾಗಿ ಕಾಣಲು ಇದಕ್ಕಿಂತ ಸುಲಭದ ದಾರಿ ಇಲ್ಲ! ಬೆಲೆಗಳು ಸ್ಪ್ಲಿಟ್‌ಗೆ ಸರಿಹೊಂದಿಸಿದವಾ ಎಂದೂ ನೋಡಿ. ಒಂದು ಷೇರು ಐದಾಗಿ ಒಡೆದಾಗ ಹಳೆಯ ಬೆಲೆ ತಿದ್ದದಿದ್ದರೆ 80% ಬಿದ್ದಂತೆ ಕಾಣುತ್ತದೆ. ಆಮೇಲೆ ತಿಂಗಳುಗಟ್ಟಲೆ ಆವರೇಜ್ ಕೆಳಗೇ ಉಳಿಯುತ್ತದೆ.

ಲೆಕ್ಕ ಸರಿ ಇದೆಯೇ ಎಂದು ತಾಳೆ ನೋಡಲು, ಎಸ್ ಆ್ಯಂಡ್ ಪಿ 500ಕ್ಕೆ ಒಮ್ಮೆ ಓಡಿಸಿ TradingViewನಲ್ಲಿ ಸಿಗುವ `S5TH` ಪಕ್ಕ ಇಡಿ. ಅದು ಇದೇ 200 ದಿನದ ಅಂಕಿ. 50 ದಿನದ್ದು `S5FI`. ಚೂರುಪಾರು ವ್ಯತ್ಯಾಸ ಪರವಾಗಿಲ್ಲ. ಐದಾರು ಅಂಶ ಬಂದರೆ ಎಲ್ಲೋ ಎಡವಟ್ಟಾಗಿದೆ.

ಇನ್ನು ಮೇಲಿನ ಕಾಮೆಂಟುಗಳ ಬಗ್ಗೆ.

«ಬ್ರೆಡ್ತ್ ಇಳೀತಿದೆ, ಇಂಡೆಕ್ಸ್ ಏರ್ತಿದೆ ಅಂದ್ರೆ ಕಣ್ಮುಚ್ಚಿ ಮಾರಿಬಿಡಿ» ಅಂದ ಅಣ್ಣನ ಮಾತು ಅರ್ಧ ಸರಿ. ಎಚ್ಚರಿಕೆ ಹೌದು, ಗಡಿಯಾರ ಅಲ್ಲ. ಬ್ರೆಡ್ತ್‌ನ ಇನ್ನೊಂದು ಅಳತೆಯಾದ ಅಡ್ವಾನ್ಸ್-ಡಿಕ್ಲೈನ್ ಲೈನ್ ನ್ಯೂಯಾರ್ಕ್ ಎಕ್ಸ್‌ಚೇಂಜ್‌ನಲ್ಲಿ 1998ರ ಏಪ್ರಿಲ್‌ನಲ್ಲೇ ಶಿಖರ ಮುಟ್ಟಿತ್ತು. ಎಸ್ ಆ್ಯಂಡ್ ಪಿ 500 ಶಿಖರ ಮುಟ್ಟಿದ್ದು 2000ದ ಮಾರ್ಚ್‌ನಲ್ಲಿ. ಹೆಚ್ಚುಕಡಿಮೆ ಎರಡು ವರ್ಷ! ಅಷ್ಟು ದಿನ ಹೊರಗೆ ಕೂತು ನೋಡುವ ತಾಳ್ಮೆ ಎಷ್ಟು ಜನಕ್ಕಿದೆ ಹೇಳಿ. ಇಳಿಜಾರು ನನಗೆ ಇಷ್ಟವಾಗುವುದು ಇದಕ್ಕೇ. ಅರ್ಧ ಪಾಲು ಒಳಗಿರುತ್ತದೆ, ತಪ್ಪಾದರೂ ನಿಯಮ ಮುರಿಯುವ ಹಂತಕ್ಕೆ ಹೋಗುವುದಿಲ್ಲ.

«ಇಂಡೆಕ್ಸ್ ತನ್ನ 200ರ ಮೇಲಿದೆಯಲ್ಲ, ಮತ್ತೇನು» ಅಂದವರು ಪ್ರಶ್ನೆಯನ್ನು ಬೇರೆ ಥರ ಓದಿದ್ದಾರೆ. ಇಂಡೆಕ್ಸ್‌ನಲ್ಲಿ ದೊಡ್ಡ ಕಂಪನಿಗೆ ತೂಕ ಜಾಸ್ತಿ, ಬ್ರೆಡ್ತ್‌ನಲ್ಲಿ ಎಲ್ಲರಿಗೂ ಒಂದೇ ವೋಟು. 2023ರಲ್ಲಿ ಎಸ್ ಆ್ಯಂಡ್ ಪಿ 500 ಸುಮಾರು 24% ಏರಿತು, ಅದೇ 500 ಷೇರುಗಳ ಸಮಾನ ತೂಕದ ಇಂಡೆಕ್ಸ್ ಅದರ ಅರ್ಧದಷ್ಟು. ಹಾಗಾಗಿ ಒಂದು ವಿಷಯ ನೆನಪಿಡಿ: ನೀವು ಕೊಳ್ಳುವುದು ಇಂಡೆಕ್ಸ್ ಫಂಡ್ ಆಗಿದ್ದು, ಫಿಲ್ಟರ್ ಮಾತ್ರ ಬ್ರೆಡ್ತ್ ಆಗಿದ್ದರೆ, ಇಂಥ ವರ್ಷಗಳಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಪ್ಪತ್ತು ಮೂವತ್ತು ಷೇರುಗಳನ್ನು ಸಮ ಪಾಲಿನಲ್ಲಿ ಇಡುವವರಿಗೆ ಬ್ರೆಡ್ತ್ ಜಾಸ್ತಿ ಹೊಂದುತ್ತದೆ.

ಒಂದೇ ವಲಯದ ಆರು ಷೇರು ಇಟ್ಟುಕೊಂಡಿರುವ ಅಕ್ಕ, ನಿಮ್ಮ ಷೇರುಗಳನ್ನು ಬ್ರೆಡ್ತ್ ನೋಡಿ ಮಾರಬೇಡಿ. 500 ಷೇರುಗಳ ಬ್ರೆಡ್ತ್ ಆ ಆರರ ಬಗ್ಗೆ ಹೇಳುವುದು ಬಹಳ ಕಡಿಮೆ. ಹೊಸದಾಗಿ ದುಡ್ಡು ಹಾಕುವ ವೇಗ ನಿರ್ಧರಿಸಲು ಬೇಕಾದರೆ ಬಳಸಿ.

200ರ ಬದಲು 50 ದಿನದ್ದು ಸಾಕಲ್ಲವೇ ಎಂದು ಕೇಳಿದವರದು ಒಳ್ಳೆಯ ಪ್ರಶ್ನೆ. ಈ ಫಿಲ್ಟರ್‌ನ ದೊಡ್ಡ ಕೊರತೆ ಇರುವುದೇ ಅಲ್ಲಿ. 200 ದಿನ 100ರಲ್ಲೇ ಇದ್ದ ಷೇರು ಒಮ್ಮೆಲೇ 65ಕ್ಕೆ ಬಿತ್ತು ಎನ್ನಿ. 40 ದಿನ ಅಲ್ಲೇ ಕೂತಿತು. ಅಷ್ಟೊತ್ತಿಗೆ 200 ದಿನದ ಆವರೇಜ್ ಇಳಿದಿರುವುದು 93ಕ್ಕೆ ಮಾತ್ರ. ಅಂದರೆ ಈ ಷೇರು ಲೆಕ್ಕಕ್ಕೆ ಬರಲು 65ರಿಂದ 93 ದಾಟಬೇಕು, 43% ಏರಿಕೆ. 50 ದಿನದ ಆವರೇಜ್ ಆಗಲೇ 72ಕ್ಕೆ ಬಂದಿರುತ್ತದೆ, 11% ಏರಿದರೆ ಸಾಕು. 2020ರಲ್ಲಿ ಎಸ್ ಆ್ಯಂಡ್ ಪಿ 500 ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಸುಮಾರು 34% ಬಿದ್ದು, ಆಗಸ್ಟ್‌ನಲ್ಲಿ ಹಳೆಯ ಶಿಖರ ದಾಟಿತು. ಇಂಥ ನೇರ ಏರಿಕೆಯಲ್ಲಿ 200ರ ಫಿಲ್ಟರ್ ಹಿಡಿದವರು ಒಳ್ಳೆಯ ಭಾಗವನ್ನು ಬೆರಳು ಕಚ್ಚಿಕೊಂಡು ನೋಡುತ್ತಾರೆ. 2008ರಂತೆ ನಿಧಾನವಾಗಿ, ತಿಂಗಳುಗಟ್ಟಲೆ ಇಳಿಯುವ ಮಾರುಕಟ್ಟೆಯಲ್ಲಿ ಅದೇ ಮಂದಗತಿ ಕಾಪಾಡುತ್ತದೆ.

ನನ್ನ ಹೊಂದಾಣಿಕೆ ಹೀಗಿದೆ. ಇಳಿಸುವುದಕ್ಕೆ 200 ದಿನದ್ದನ್ನೇ ನಂಬುತ್ತೇನೆ. 200ರ ಗುರಿ 40ಕ್ಕಿಂತ ಕೆಳಗಿದ್ದು, 50 ದಿನದ ಬ್ರೆಡ್ತ್ 70 ದಾಟಿದರೆ ಲಾಂಗ್ ಪಾಲನ್ನು 40ಕ್ಕೆ ಏರಿಸುತ್ತೇನೆ. ಅದರಿಂದ ಮೇಲಕ್ಕೆ ಹೋಗಲು 200 ದಿನದ್ದು ಒಪ್ಪಬೇಕು. 50 ದಿನದ್ದು 40ಕ್ಕಿಂತ ಕೆಳಗೆ ಬಿದ್ದರೆ ಆ ಹೆಚ್ಚುವರಿ ಪಾಲು ವಾಪಸ್. ಕರಡಿ ಮಾರುಕಟ್ಟೆಯ ನಡುವಿನ ಸುಳ್ಳು ಏರಿಕೆಗಳಲ್ಲಿ ಇದೂ ಒಂದೆರಡು ಪೆಟ್ಟು ತಿನ್ನಿಸುತ್ತದೆ, ತಿನ್ನಿಸಿದೆ ಕೂಡ.

ಬ್ರೆಡ್ತ್ ಬಿಟ್ಟು ವೊಲಟಿಲಿಟಿ ನೋಡಿ ಪಾಲು ಬದಲಿಸಿ ಎಂದು ಬರೆದ ಹಿರಿಯರಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಎರಡನ್ನೂ ಒಟ್ಟಿಗೆ ಹಾಕಿದಾಗ ಡ್ರಾಡೌನ್ ಇನ್ನಷ್ಟು ತಗ್ಗಿತು, ಆದರೆ ಲಾಭವೂ ತಗ್ಗಿತು. ಪಾಲು ಸುಮ್ನೆ ಕಡಿಮೆ ಇದ್ದುದರಿಂದಲೇ ಹಾಗಾಯಿತಾ, ನಿಜವಾದ ಜಾಣತನವಾ ಅಂತ ಬೇರ್ಪಡಿಸಲು ನನಗೆ ಆಗಿಲ್ಲ. ನಿಮ್ಮ ಫಿಲ್ಟರ್‌ಗೂ ಇದೇ ಪರೀಕ್ಷೆ ಮಾಡಿ. ಅದರ ಸರಾಸರಿ ಪಾಲು 65 ಬಂದರೆ, ಯಾವಾಗಲೂ 65% ಲಾಂಗ್ ಇಟ್ಟು ಕಣ್ಮುಚ್ಚಿ ಕೂತವನ ಜೊತೆ ಹೋಲಿಸಿ. 100% ಇಟ್ಟವನ ಜೊತೆ ಹೋಲಿಸಿದರೆ ಯಾವ ಫಿಲ್ಟರ್‌ನ ಡ್ರಾಡೌನ್ ಬೇಕಾದರೂ ಚೆಂದ ಕಾಣುತ್ತದೆ.

ಸದ್ಯಕ್ಕೆ `valid.sum(axis=1)` ಅನ್ನು ಗ್ರಾಫ್ ಹಾಕಿ ಇಲ್ಲಿ ಹಂಚಿ. ಹಳೆಯ ವರ್ಷಗಳಲ್ಲಿ 300 ಇದ್ದು ಈಗಿನ ಕಡೆಗೆ ನಿಧಾನವಾಗಿ 500ಕ್ಕೆ ಏರುತ್ತಿದ್ದರೆ, ಇಂದಿನ ಪಟ್ಟಿಯನ್ನೇ ಹಿಂದಕ್ಕೆ ಓಡಿಸಿದ್ದೀರಿ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.