ಹತ್ತು ನಿಮಿಷದ ಅಂತರ, ಎರಡು ಬದುಕು: ಜಾತಕಕ್ಕೆ ಉತ್ತರ ಗೊತ್ತಾ?

ಪ್ರಶ್ನೆ: ನಾನೂ ನನ್ನ ಅಣ್ಣನೂ ಅವಳಿ. ಹುಟ್ಟಿದ್ದು ಮಡಿಕೇರಿಯಲ್ಲಿ, ಸೆಪ್ಟೆಂಬರ್ ತಿಂಗಳ ಬೆಳಗಿನ ಜಾವ. ಅವನು 5.10ಕ್ಕೆ, ನಾನು 5.20ಕ್ಕೆ. ಇಬ್ಬರದ್ದೂ ಸಿಂಹ ಲಗ್ನ, ಅನೂರಾಧಾ ನಕ್ಷತ್ರ. ಅವನು ಓದಿ ಮೈಸೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ, ಮನೆ ಕಟ್ಟಿದ್ದಾನೆ, ಇಬ್ಬರು ಮಕ್ಕಳು. ನನ್ನ ಪಿಯುಸಿ ಮುಗಿದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು, ನಾನು ತೋಟ ನೋಡಿಕೊಳ್ಳೋಕೆ ನಿಂತೆ. ಎರಡು ಸಂಬಂಧ ಕೈತಪ್ಪಿತು. 2018ರ ಆಗಸ್ಟ್ ಮಳೆಗೆ ಒಂದೂವರೆ ಎಕರೆ ಕಾಫಿ ಗುಡ್ಡದ ಜೊತೆ ಜಾರಿ ಹೋಯಿತು. ಒಬ್ಬ ಜ್ಯೋತಿಷಿಗಳು, ಷಷ್ಟ್ಯಂಶದಲ್ಲಿ ನನಗೆ ‘ಕಂಟಕ’ ಬಂದಿದೆ, ಶಾಂತಿಗೆ 45 ಸಾವಿರ ಆಗುತ್ತೆ ಅಂದರು. ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಬದಲಾಗುತ್ತಾ? ಮಾಡಿಸಬೇಕಾ?
— ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಮಾಡಿಸಬೇಡಿ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನೂ ಜಾತಕ ಬರೆದೇ ಹೊಟ್ಟೆ ಹೊರೆಯುವವನು. ಹಾಗಾಗಿ ಹೇಳುವಾಗ ನನ್ನ ಕಾಲಿಗೂ ಸ್ವಲ್ಪ ಕೊಡಲಿ ಬೀಳುತ್ತೆ, ಬೀಳಲಿ.

ನೀವು ಕಳಿಸಿದ ಎರಡೂ ಜಾತಕ ಮೇಜಿನ ಮೇಲಿದೆ. ಅಣ್ಣನ ಲಗ್ನ ಸಿಂಹದಲ್ಲಿ 15 ಡಿಗ್ರಿ 20 ಕಲೆ. ನಿಮ್ಮದು 17 ಡಿಗ್ರಿ 50 ಕಲೆ. (ಒಂದು ಡಿಗ್ರಿಗೆ 60 ಕಲೆ.) ಲಗ್ನ ಅಂದರೆ ಆ ಕ್ಷಣಕ್ಕೆ ಪೂರ್ವದಲ್ಲಿ ಏಳುತ್ತಿರುವ ರಾಶಿಯ ಬಿಂದು. ಅದು ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತದೆ, ಹತ್ತು ನಿಮಿಷಕ್ಕೆ ಎರಡೂವರೆ ಡಿಗ್ರಿ. ನಿಮ್ಮಿಬ್ಬರ ಮಧ್ಯೆ ಎದ್ದು ಕಾಣುವ ವ್ಯತ್ಯಾಸ ಅಷ್ಟೇ. ಗ್ರಹಗಳೆಲ್ಲ ಅದೇ ಮನೆ, ಅದೇ ರಾಶಿ. ಎಲ್ಲಕ್ಕಿಂತ ಬೇಗ ಓಡುವ ಚಂದ್ರನೂ ಹತ್ತು ನಿಮಿಷದಲ್ಲಿ ಐದೂವರೆ ಕಲೆ ಸರಿದಿರುತ್ತಾನೆ, ಅಷ್ಟೇ. ಅದನ್ನು ದಶೆಗೆ ಇಳಿಸಿದೆ. ಅನೂರಾಧಾ ಅಂದರೆ ಹುಟ್ಟುವಾಗ 19 ವರ್ಷದ ಶನಿ ದಶೆ. ನಿಮ್ಮ ಶನಿ ದಶೆ ಅಣ್ಣನದ್ದಕ್ಕಿಂತ ಸುಮಾರು ಒಂದೂವರೆ ತಿಂಗಳು ಮೊದಲೇ ಮುಗಿಯಿತು. ಅಲ್ಲಿಂದ ಮುಂದೆ ಬುಧ, ಕೇತು, ಶುಕ್ರ, ಎಲ್ಲವೂ ಅಷ್ಟಷ್ಟೇ ಹಿಂದು ಮುಂದು. ಅವನಿಗೆ ಮನೆ ಕಟ್ಟಿಸಿದ ದಶೆಯಲ್ಲೇ ನಿಮ್ಮ ಗುಡ್ಡವೂ ಜಾರಿದೆ.

ಇಲ್ಲಿಗೆ ಬಂದಾಗ ನಮ್ಮವರು ಸಣ್ಣ ಭಾಗಗಳಿಗೆ ಕೈ ಹಾಕುತ್ತಾರೆ. ರಾಶಿಯನ್ನು ಒಂಬತ್ತು ಮಾಡಿದರೆ ನವಾಂಶ, ಒಂದಕ್ಕೆ ಸುಮಾರು 13 ನಿಮಿಷ. ಅರವತ್ತು ಮಾಡಿದರೆ ಷಷ್ಟ್ಯಂಶ, ಒಂದಕ್ಕೆ ಎರಡೇ ನಿಮಿಷ. ಅವಳಿಗಳಿಗೆ ಷಷ್ಟ್ಯಂಶವೇ ನೋಡಬೇಕು ಅನ್ನುವ ಮಾತು ನೀವೂ ಕೇಳಿರುತ್ತೀರಿ.

ನವಾಂಶದಲ್ಲಿ ನಿಜಕ್ಕೂ ಒಂದು ವ್ಯತ್ಯಾಸ ಇದೆ. ಸಿಂಹದ 16 ಡಿಗ್ರಿ 40 ಕಲೆಯ ತನಕ ಸಿಂಹ ನವಾಂಶ, ಆಮೇಲೆ ಕನ್ಯಾ. ಅಣ್ಣ ಗೆರೆಯ ಈಚೆ, ನೀವು ಆಚೆ. ರಾಶಿಯೂ ಸಿಂಹ, ನವಾಂಶವೂ ಸಿಂಹ ಆದರೆ ಅದಕ್ಕೆ ವರ್ಗೋತ್ತಮ ಲಗ್ನ ಅನ್ನುತ್ತೇವೆ, ಬಹಳ ಒಳ್ಳೆಯದು ಅಂತ ಲೆಕ್ಕ. ಅಣ್ಣ ಯಾಕೆ ಮುಂದೆ ಬಂದ ಅನ್ನೋದಕ್ಕೆ ಸಿದ್ಧ ಉತ್ತರ ಸಿಕ್ಕಿತು, ಅಲ್ವಾ? ಸ್ವಲ್ಪ ತಡೆಯಿರಿ.

ಷಷ್ಟ್ಯಂಶ ನಾನೂ ಎಣಿಸಿದೆ. ನಿಮ್ಮದು 36ನೆಯದು, ಕಂಟಕ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅಣ್ಣನದ್ದು ಎಣಿಸಿದ್ದರೋ ಇಲ್ಲವೋ! ಅದು 31ನೆಯದು. ಹೆಸರು ಮೃತ್ಯು. ಕಂಟಕಕ್ಕೆ 45 ಸಾವಿರ ಆದರೆ ಮೃತ್ಯುವಿಗೆ ಎಷ್ಟಾಗಬೇಕು? ಅದೇ ನಿಯಮದ ಪ್ರಕಾರ ಅವನು ನಿಮಗಿಂತ ಕಷ್ಟದಲ್ಲಿರಬೇಕಿತ್ತು. ನಿಮ್ಮ ಕಂಟಕದ ಪಕ್ಕದ್ದು, 37ನೆಯದು, ಸುಧಾ. ಸುಧೆ ಅಂದರೆ ಅಮೃತ. ಅದು ಶುರುವಾಗುವುದು 18 ಡಿಗ್ರಿಗೆ. ನಿಮಗೂ ಅದಕ್ಕೂ ಮಧ್ಯೆ ಇರೋದು ಹತ್ತು ಕಲೆ, ಅಂದರೆ 40 ಸೆಕೆಂಡ್.

ಈಗ ಆ 40 ಸೆಕೆಂಡನ್ನು ಹಿಡಿದುಕೊಂಡು ಹೆರಿಗೆ ಕೋಣೆಗೆ ಹೋಗೋಣ. 5.10, 5.20. ಎರಡೂ ಸೊನ್ನೆಯಲ್ಲಿ ಮುಗಿಯುವ ಅಂಕಿ. ನನ್ನ ಹತ್ತಿರ ಬರುವ ಜನನ ಸಮಯಗಳಲ್ಲಿ ಜಾಸ್ತಿ ಇರೋದು ಸೊನ್ನೆ ಅಥವಾ ಐದರಲ್ಲಿ ಮುಗಿಯುವಂಥವೇ. ಮಕ್ಕಳೇನು ಐದೈದು ನಿಮಿಷಕ್ಕೆ ಲೆಕ್ಕ ಹಾಕಿ ಹುಟ್ಟುತ್ತವಾ? ಅವಳಿ ಹೆರಿಗೆ ಅಂದರೆ ಕೈ ತುಂಬ ಕೆಲಸ. ಒಂದು ಮಗುವನ್ನು ಒರೆಸಿ ಕೊಡುವಷ್ಟರಲ್ಲಿ ಇನ್ನೊಂದು. ಎಲ್ಲ ಮುಗಿದ ಮೇಲೆ ಗೋಡೆ ಗಡಿಯಾರ ನೋಡಿ ಅಂದಾಜಿಗೆ ಬರೆದಿರುತ್ತಾರೆ. ತಪ್ಪಲ್ಲ, ಅವರ ಕೆಲಸ ತಾಯಿ ಮಗುವನ್ನು ಉಳಿಸೋದು. ಆ ಗಡಿಯಾರ ಸರಿ ಇತ್ತು ಅಂತಲೇ ಇಟ್ಟುಕೊಳ್ಳೋಣ. ಹುಟ್ಟಿದ ಕ್ಷಣ ಅಂದರೆ ಯಾವುದು? ತಲೆ ಕಂಡದ್ದಾ, ಮೈ ಪೂರ್ತಿ ಹೊರಗೆ ಬಂದದ್ದಾ, ಮೊದಲ ಅಳುವಾ, ಹೊಕ್ಕುಳಬಳ್ಳಿ ಕತ್ತರಿಸಿದ್ದಾ? ನಮ್ಮ ಶಾಸ್ತ್ರದಲ್ಲೇ ಇದಕ್ಕೆ ಒಮ್ಮತ ಇಲ್ಲ. ಇವುಗಳ ನಡುವೆಯೇ ಎರಡು ಮೂರು ನಿಮಿಷ ಕಳೆದುಹೋಗುತ್ತೆ.

ಇನ್ನೊಂದು ಎಡವಟ್ಟು ಕೊಡಗಿನಲ್ಲಿ ನಾನು ಮತ್ತೆ ಮತ್ತೆ ನೋಡುತ್ತೇನೆ. ಸಾಫ್ಟ್‌ವೇರ್‌ನಲ್ಲಿ ಊರು ಬೆಂಗಳೂರು ಅಂತಲೇ ಬಿಟ್ಟಿರುತ್ತಾರೆ. ಬೆಂಗಳೂರು ಮಡಿಕೇರಿಗಿಂತ ಪೂರ್ವಕ್ಕಿದೆ, ರೇಖಾಂಶದಲ್ಲಿ ಹತ್ತಿರ ಹತ್ತಿರ ಎರಡು ಡಿಗ್ರಿ. ಅಂದರೆ ಸುಮಾರು ಏಳು ನಿಮಿಷ. ನಿಮ್ಮ ಅಣ್ಣನ ಜಾತಕಕ್ಕೆ ಬೆಂಗಳೂರು ಹಾಕಿ ನೋಡಿದೆ. ಲಗ್ನ 17 ಡಿಗ್ರಿ ದಾಟಿತು, ವರ್ಗೋತ್ತಮ ಮಾಯ. ಊರು ಸರಿ ಇದ್ದರೂ ಬರೆದ ಸಮಯ ಐದಾರು ನಿಮಿಷ ಹೆಚ್ಚುಕಮ್ಮಿ ಆಗಿದ್ದರೆ ಸಾಕು, ಅವನು ಆಚೆ ಹೋಗಿಬಿಡಬಹುದು, ಇಲ್ಲವೇ ನೀವು ಈಚೆ ಬಂದುಬಿಡಬಹುದು. ನೀವು ಈಚೆ ಬಂದರೆ ವರ್ಗೋತ್ತಮ ನಿಮಗೂ ಸಿಕ್ಕಿತು.

ಇದು ಇವತ್ತಿನ ಜಗಳವಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲಿ ನಿಗಿಡಿಯಸ್ ಅನ್ನುವ ಪಂಡಿತನಿಗೂ ಅವಳಿಗಳ ಪ್ರಶ್ನೆಯೇ ಬಂತಂತೆ. ಅವನು ಕುಂಬಾರನ ಚಕ್ರ ಜೋರಾಗಿ ತಿರುಗಿಸಿ, ಮಸಿಯಿಂದ ಎರಡು ಸಲ ಟಪಟಪ ಮುಟ್ಟಿದ. ಚಕ್ರ ನಿಂತಾಗ ಗುರುತುಗಳು ದೂರ ದೂರ. ಆಕಾಶವೂ ಹೀಗೇ ತಿರುಗುತ್ತೆ, ಕ್ಷಣದಲ್ಲಿ ಎಲ್ಲ ಬೇರೆ ಅಂದ. ಅವನಿಗೆ ಕುಂಬಾರ ಅಂತಲೇ ಅಡ್ಡಹೆಸರು ಬಿತ್ತು. ಆಮೇಲೆ ಅಗಸ್ಟೀನ್ ಅನ್ನುವ ಕ್ರೈಸ್ತ ಗುರು ಅದಕ್ಕೆ ಉತ್ತರ ಕೊಟ್ಟ. ಅಷ್ಟು ಸೂಕ್ಷ್ಮ ಅಂತಾದರೆ ಆ ಸೂಕ್ಷ್ಮವನ್ನು ಅಳೆಯದೆ ನೀವು ಉಳಿದವರಿಗೆ ಭವಿಷ್ಯ ಹೇಳೋದು ಹೇಗೆ ಅಂತ. ಈ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಆಕಾಶದ ಲೆಕ್ಕ ಸುಳ್ಳು ಅಂತ ತಿಳಿಯಬೇಡಿ. ತಲಕಾವೇರಿಯ ತೀರ್ಥೋದ್ಭವಕ್ಕೆ ನಿಮಿಷ ಹೇಳುತ್ತೇವೆ. 2024ರ ಅಕ್ಟೋಬರ್ 17ಕ್ಕೆ ಬೆಳಿಗ್ಗೆ 7.40 ಅಂತ ಹೇಳಿದ್ದರು. ಅದು ಸೂರ್ಯ ತುಲಾ ರಾಶಿಗೆ ಬರುವ ಹೊತ್ತು, ಪಂಚಾಂಗ ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಆದರೆ ಸೂರ್ಯ ಎಲ್ಲಿದ್ದಾನೆ ಅನ್ನೋದು ಒಂದು ಮಾತು, ಅದರಿಂದ ಯಾರಿಗೆ ಕೆಲಸ ಸಿಗುತ್ತೆ ಅನ್ನೋದು ಇನ್ನೊಂದು ಮಾತು. ಮೊದಲನೆಯದರ ನಿಖರತೆ ತೋರಿಸಿ ಎರಡನೆಯದಕ್ಕೆ ದುಡ್ಡು ಕೇಳುವಾಗ ಹುಷಾರಾಗಿರಬೇಕು.

ನನ್ನದೇ ಒಂದು ಕಥೆ ಹೇಳುತ್ತೇನೆ. ಕಸುಬಿಗೆ ಹೊಸಬ ಆಗ. ಜುಲೈ ಮಳೆ. ಗಂಡ ಹೆಂಡತಿ ಅವಳಿ ಗಂಡುಮಕ್ಕಳ ಜಾತಕ ಬರೆಸಿದ್ದರು. ದೊಡ್ಡವನು ಡಾಕ್ಟರ್, ಚಿಕ್ಕವನು ಅಂಗಡಿ ಇಟ್ಟು ಮುಳುಗಿದವನು. ಕೊಡೆಯ ನೀರು ಜಗಲಿ ಮೇಲೆಲ್ಲ ಹರಿದು, ಹಾಳೆ ಒದ್ದೆ ಆಗದಿರಲಿ ಅಂತ ನಾನು ಎತ್ತಿ ಇಟ್ಟೆ, ಮತ್ತೆ ಹರಡಿದೆ. ಅರ್ಧ ಗಂಟೆ ವಿವರಿಸಿದೆ. ಇವನ ಹತ್ತನೇ ಮನೆ ಅಂಶದಲ್ಲಿ ಹೀಗಿದೆ, ಅದಕ್ಕೇ ವೈದ್ಯ. ಅವನದ್ದು ಹೀಗೆ, ಅದಕ್ಕೇ ಸಾಲ. ಎಲ್ಲ ಚೆನ್ನಾಗಿ ಕೂಡಿ ಬಂತು. ತಂದೆ ತಲೆದೂಗುತ್ತಿದ್ದರು. ಕೊನೆಗೆ ಆ ತಾಯಿ ಮೆಲ್ಲಗೆ ಅಂದರು, “ಭಟ್ರೇ, ನೀವು ಹಿಡ್ಕೊಂಡಿರೋದು ಚಿಕ್ಕವನ ಜಾತಕ.”

ಅವತ್ತು ದಕ್ಷಿಣೆ ಮುಟ್ಟಲಿಲ್ಲ. ಆದರೆ ನನ್ನನ್ನು ಕಾಡಿದ್ದು ಹಾಳೆ ಅದಲುಬದಲು ಆದದ್ದಲ್ಲ. ಅದಲುಬದಲಾಗಿದ್ದರೂ ವಿವರಣೆ ಒಂದು ಚೂರೂ ಕುಂಟಲಿಲ್ಲವಲ್ಲ, ಅದು. ಬದುಕು ಮೊದಲೇ ಗೊತ್ತಿದ್ದರೆ ಹನ್ನೆರಡು ಮನೆ, ಒಂಬತ್ತು ಗ್ರಹ, ಹದಿನಾರು ವರ್ಗದಲ್ಲಿ ಎಲ್ಲೋ ಒಂದು ಕಡೆ ಕಾರಣ ಸಿಕ್ಕೇ ಸಿಗುತ್ತೆ. ಗೊತ್ತಿಲ್ಲದಿದ್ದರೆ? ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಜೊತೆಗಾರರು ಮಹಾರಾಷ್ಟ್ರದಲ್ಲಿ ಇದನ್ನು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಈ ಮಗು ಓದಿನಲ್ಲಿ ಬಹಳ ಚುರುಕಾ, ಅಥವಾ ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವಾ? ಸರಿ ಬಂದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು.

ನಿಮ್ಮ ಪತ್ರಕ್ಕೇ ವಾಪಸ್ ಬರುತ್ತೇನೆ. ಕುಂಡಲಿ ನೋಡಿ ಅದು ಗಂಡಿನದ್ದೋ ಹೆಣ್ಣಿನದ್ದೋ ಅಂತ ಹೇಳಲು ನಮಗೆ ಬರುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಆದರೆ ಅಪ್ಪ ಹಾಸಿಗೆ ಹಿಡಿದಾಗ ಕಾಲೇಜಿಗೆ ಹೋದವನು ಮಗ, ತೋಟಕ್ಕೆ ನಿಂತವಳು ಮಗಳು. ಅದನ್ನು ತೀರ್ಮಾನಿಸಿದ್ದು ನಿಮ್ಮ ಮನೆಯ ಒಳಕೋಣೆ. ಗುಡ್ಡದ ವಿಷಯ ಇನ್ನೂ ಸರಳ. ಆ ಆಗಸ್ಟಿನಲ್ಲಿ ನಿಮ್ಮ ಅಕ್ಕಪಕ್ಕದಲ್ಲಿ ತೋಟ ಹೋದವರನ್ನು ನೆನಪು ಮಾಡಿಕೊಳ್ಳಿ. ಮುದುಕರು, ಎಳೆಯರು, ಬೇರೆ ಬೇರೆ ಲಗ್ನ, ಬೇರೆ ಬೇರೆ ದಶೆ. ಎಲ್ಲರಿಗೂ ಕಂಟಕ ಇತ್ತಾ? ಇಳಿಜಾರು, ಮಣ್ಣು, ಎಡೆಬಿಡದ ಮಳೆ, ಇಷ್ಟನ್ನು ಬಿಟ್ಟರೆ ಅವರೆಲ್ಲರಿಗೂ ಸಮಾನವಾಗಿದ್ದದ್ದು ಏನೂ ಇಲ್ಲ. ಅಣ್ಣನ ಮನೆ ಉಳಿದದ್ದು ಅದು ಮೈಸೂರಿನಲ್ಲಿ ಇದ್ದದ್ದರಿಂದ.

ಹಾಗಾದರೆ ಜ್ಯೋತಿಷಿ ಪ್ರಾಮಾಣಿಕವಾಗಿ ಏನು ಹೇಳಬಹುದು? ನಿಮ್ಮಿಬ್ಬರ ಲಗ್ನ, ರಾಶಿ, ನಕ್ಷತ್ರ ಒಂದೇ ಅಂತ ಹೇಳಬಹುದು. ದಶೆಯಲ್ಲಿ ಒಂದೂವರೆ ತಿಂಗಳ ವ್ಯತ್ಯಾಸ ಇದೆ ಅಂತ ಹೇಳಬಹುದು. ಇದರಾಚೆ, ನೀವು ಹೀಗೆ ಅವನು ಹಾಗೆ ಯಾಕಾದಿರಿ ಅನ್ನೋದು ಜಾತಕದಿಂದ ಗೊತ್ತಾಗಲ್ಲ.

ಇಷ್ಟಾದರೂ ಮನಸ್ಸು ತಡೆಯದಿದ್ದರೆ ಒಂದು ಕೆಲಸ ಮಾಡಿ. ಎರಡೂ ಜಾತಕದ ಹೆಸರಿನ ಜಾಗ ಕತ್ತರಿಸಿ, ಒಂದಕ್ಕೆ ಅ, ಇನ್ನೊಂದಕ್ಕೆ ಆ ಅಂತ ಬರೆಯಿರಿ. ಪೂಜೆ ಹೇಳಿದವರ ಮುಂದೆ ಅಲ್ಲ, ನಿಮ್ಮ ಪರಿಚಯವೇ ಇಲ್ಲದ ಒಬ್ಬರ ಮುಂದೆ ಇಡಿ. ಇವರಲ್ಲಿ ಯಾರ ಭೂಮಿ ಹೋಯಿತು, ಯಾರು ಮನೆ ಕಟ್ಟಿದರು ಅಂತ ಕೇಳಿ. ಅಣ್ಣ ತಂಗಿ ಅಂತಲೂ ಬಾಯಿ ಬಿಡಬೇಡಿ. ಒಬ್ಬರು ಸರಿ ಹೇಳಿದರೆ ನಂಬಬೇಡಿ, ಇಬ್ಬರಲ್ಲಿ ಒಬ್ಬರನ್ನು ಆರಿಸಲು ಅದೃಷ್ಟ ಸಾಕು. ಆರೇಳು ಜನರನ್ನು ಕೇಳಿ. ನಿಮ್ಮ ಪತ್ರ ಓದಿದ ಮೇಲೆ ನನ್ನನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡಿ. 5.20 ಯಾರದ್ದು ಅಂತ ನನಗೆ ಈಗಾಗಲೇ ಗೊತ್ತಲ್ಲ.